ಹತ್ತೊಂಬತ್ತು ಲೇಖನಗಳಲ್ಲಿ ಮೂರನ್ನು ಆರಿಸಿದ ಸಂಜೆ

ನಮ್ಮ ಕಾಫಿ ಸೀಮೆಯಲ್ಲಿ 'ರೈಟರ್' ಅಂದರೆ ತೋಟದ ರೈಟರ್. ಬೆಳಿಗ್ಗೆ ಕೆಲಸದವರ ಹಾಜರಿ ಹಾಕಿ, ಸಂಜೆ ಕುಯ್ದ ಹಣ್ಣು ತೂಗಿಸಿ, ಲೆಕ್ಕ ಬರೆಯುವವರು. ಹಾಗಾಗಿ ನನ್ನ ಚಿಕ್ಕಮ್ಮನ ಮಗಳು "ಕಂಟೆಂಟ್ ರೈಟರ್ ಕೆಲಸಕ್ಕೆ ಅರ್ಜಿ ಹಾಕ್ತಿದೀನಿ" ಅಂದಾಗ ಪಕ್ಕದ ಮನೆಯ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ಯಾವ ಎಸ್ಟೇಟಲ್ಲಿ ಮಾರಾಯ್ತಿ?"

ಕೆಲಸ ಎಸ್ಟೇಟಿನದ್ದಲ್ಲದಿದ್ದರೂ ಕಾಫಿಯದ್ದೇ ಆಗಿತ್ತು. ತೋಟಗಳಿಂದ ನೇರವಾಗಿ ಕಾಫಿ ಕೊಂಡು, ಹುರಿದು, ಆನ್‌ಲೈನಲ್ಲಿ ಮಾರುವ ಬೆಂಗಳೂರಿನ ಒಂದು ಕಂಪನಿಯ ಜಾಹೀರಾತು. ಒಂದೊಂದು ತೋಟದ ಕಾಫಿಗೂ ಪರಿಚಯದ ಪುಟ ಬರೆಯಬೇಕು, ತೋಟದವರ ಹತ್ತಿರ ಮಾತಾಡಿ ವಿಷಯ ತರಬೇಕು, ಹದಿನೈದು ದಿನಕ್ಕೊಮ್ಮೆ ಗ್ರಾಹಕರಿಗೆ ಒಂದು ಪತ್ರ ಕಳಿಸಬೇಕು. ಕನ್ನಡ, ಇಂಗ್ಲಿಷ್ ಎರಡೂ ಬೇಕು. ಕೊನೆಯ ಸಾಲು: ಅರ್ಜಿಪತ್ರದಲ್ಲಿ ನಿಮ್ಮ ಪ್ರಕಟಿತ ಮೂರು ಲೇಖನಗಳನ್ನು ಹೆಸರಿಸಿ.

ಅವಳು ನನಗೆ ತೋರಿಸಿದ ಪತ್ರದಲ್ಲಿ ಏಳು ಲಿಂಕ್ ಇದ್ದವು. "ಮೂರು ಕೇಳಿದಾರಲ್ಲ?" ಅಂದೆ. "ಯಾವ್ದು ಬಿಡೋದು ಗೊತ್ತಾಗ್ಲಿಲ್ಲ ಅಕ್ಕ. ಅವ್ರೇ ಆರಿಸ್ಕೊಳ್ಲಿ ಅಂತ" ಅಂದಳು.

ನಾನು ಬೆಂಗಳೂರಿನ ಒಂದು ಕಂಟೆಂಟ್ ತಂಡದಲ್ಲಿ ಕೆಲಸ ಮಾಡ್ತೀನಿ, ಇಂಥ ಪತ್ರಗಳನ್ನು ಓದೋದೂ ನನ್ನ ಪಾಲಿಗೆ ಬರುತ್ತೆ. ಸಾಮಾನ್ಯವಾಗಿ ಓದೋದು ಫೋನಲ್ಲಿ, ಎರಡು ಮೀಟಿಂಗ್ ನಡುವೆ. ಮೊದಲ ಲಿಂಕ್ ತೆರೀತೀನಿ. ಒಂದು ಪರದೆಯಷ್ಟು ಓದಿದ ಮೇಲೂ ಮುಂದೆ ಓದಬೇಕು ಅನ್ನಿಸಿದರೆ ಎರಡನೆಯದ್ದು. ಮೂರನೆಯದ್ದನ್ನು ತೆರೆಯೋದು ಆ ವ್ಯಕ್ತಿಯನ್ನು ಕರೆಯಬೇಕು ಅಂತ ಅರ್ಧ ಮನಸ್ಸು ಮಾಡಿದ ಮೇಲೆ. ಮೂರು ಕೇಳಿದ ಕಡೆ ಏಳು ಕೊಟ್ಟವರ ಪತ್ರದಲ್ಲಿ ಯಾವುದನ್ನು ಮೊದಲು ತೆರೀಬೇಕು ಅಂತ ನನಗೆ ತಿಳಿಯೋದಿಲ್ಲ. ಮೇಲಾಗಿ, ಬರೆಯುವವರು ದಿನವೂ ಮಾಡುವ ಕೆಲಸವೇ ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸೋದು. ಅದನ್ನೇ ಓದುಗರ ತಲೆಗೆ ಕಟ್ಟಿದ ಹಾಗೆ ಕಾಣುತ್ತೆ.

ಜನವರಿ ತಿಂಗಳು. ಮೂಡಿಗೆರೆ ಹತ್ತಿರದ ಚಿಕ್ಕಮ್ಮನ ಮನೆಯ ಕಣದಲ್ಲಿ ಅರೇಬಿಕಾ ಒಣಗ್ತಾ ಇತ್ತು, ರೋಬಸ್ಟಾ ಕುಯ್ಲು ಆಗಷ್ಟೇ ಶುರುವಾಗಿತ್ತು. ನಾವಿಬ್ಬರೂ ಜಗಲಿಯಲ್ಲಿ ಕೂತು ಅವಳ ಹಳೇ ನೋಟ್‌ಬುಕ್ ಒಂದರಲ್ಲಿ ಪಟ್ಟಿ ಮಾಡೋಕೆ ಶುರು ಮಾಡಿದೆವು.

ಮೊದಲು ಎಲ್ಲವನ್ನೂ ಬರೆದಿಡಿ

ಮೂರು ವರ್ಷದಲ್ಲಿ ಅವಳು ಬರೆದು ಪ್ರಕಟವಾದದ್ದು ಹತ್ತೊಂಬತ್ತು. ಪ್ರವಾಸದ ಪೋರ್ಟಲ್ ಒಂದಕ್ಕೆ ಆರು. ಕನ್ನಡ ವಾರಪತ್ರಿಕೆಯ ಪುರವಣಿಗೆ ನಾಲ್ಕು, ಅದರಲ್ಲಿ ತೇಜಸ್ವಿ ಬಗ್ಗೆ ಒಂದು. (ಮೂಡಿಗೆರೆ ಕಡೆಯಿಂದ ಬರೆಯುವವರೆಲ್ಲ ತೇಜಸ್ವಿ ಬಗ್ಗೆ ಒಮ್ಮೆ ಬರೆದೇ ಬರೆದಿರ್ತಾರೆ. ಅದನ್ನು ಅರ್ಜಿಯಲ್ಲಿ ಹೆಸರಿಸಿದರೆ ಅದೇ ಊರಿನ ಇನ್ನಿಬ್ಬರ ಅರ್ಜಿಯಲ್ಲೂ ಅದೇ ಇರುತ್ತೆ.) ಬೆಳೆಗಾರರ ಮಾಸಪತ್ರಿಕೆಗೆ ಮೂರು. ಇಂಗ್ಲಿಷ್ ಸುದ್ದಿ ಜಾಲತಾಣಕ್ಕೆ ಒಂದು. ಇನ್ನುಳಿದ ಐದು ಬೇರೆಯವರ ಹೆಸರಲ್ಲಿ ಬಂದವು: ಕಳಸದ ಕಡೆಯ ಒಂದು ಹೋಂಸ್ಟೇಯ ವೆಬ್‌ಸೈಟಿಗೆ ಎರಡು, ಒಂದು ಡಿಜಿಟಲ್ ಏಜೆನ್ಸಿಗೆ ಮೂರು.

ಒಂದೊಂದರ ಮುಂದೆಯೂ ನಾಲ್ಕು ವಿಷಯ ಬರೆಯಲು ಹೇಳಿದೆ. ಲೇಖನದ ಮೇಲೆ ನಿನ್ನ ಹೆಸರಿದೆಯಾ? ಲಿಂಕ್ ಇವತ್ತು ತೆರೆಯುತ್ತಾ? ಪ್ರಕಟವಾದದ್ದರಲ್ಲಿ ನಿನ್ನದು ಎಷ್ಟು, ಸಂಪಾದಕರದ್ದು ಎಷ್ಟು? ಇವತ್ತು ಓದಿದರೆ ಅದರಲ್ಲಿ ತಪ್ಪೇನಾದರೂ ಇದೆಯಾ?

ಲಿಂಕ್ ತೆರೆದು ನೋಡೋದು ಐದು ನಿಮಿಷದ ಕೆಲಸ ಅಂತ ಅಂದ್ಕೊಂಡಿದ್ದೆವು. ಅರ್ಧ ಗಂಟೆ ಹಿಡೀತು. ಅವಳ ಫೋನಲ್ಲಿ ತೆರೆದದ್ದು ನನ್ನ ಫೋನಲ್ಲಿ ತೆರೆಯಲಿಲ್ಲ, ಯಾಕಂದ್ರೆ ಅವಳು ಆ ತಾಣಕ್ಕೆ ಲಾಗಿನ್ ಆಗಿದ್ದಳು, ನನಗೆ ಚಂದಾ ಕಟ್ಟಿ ಅಂತ ಬಂತು. ಅದಕ್ಕೇ ಯಾವಾಗಲೂ ಇನ್‌ಕಾಗ್ನಿಟೋ ವಿಂಡೋದಲ್ಲಿ, ಸಾಧ್ಯವಾದರೆ ಬೇರೆಯವರ ಫೋನಲ್ಲಿ ನೋಡಬೇಕು. ಪೋರ್ಟಲ್‌ನ ಎರಡು ಲೇಖನ ಮಾಯವೇ ಆಗಿದ್ದವು. ಅಂಥವು ಕೆಲವೊಮ್ಮೆ web.archive.org ತಾಣದಲ್ಲಿ ಹಳೆಯ ವಿಳಾಸ ಹಾಕಿ ಹುಡುಕಿದರೆ ಸಿಗುತ್ತವೆ. ಅವಳಿಗೆ ಒಂದು ಸಿಕ್ಕಿತು, ಒಂದು ಸಿಗಲಿಲ್ಲ. ಈಗ ಬದುಕಿರುವ ಲೇಖನಗಳನ್ನು ಅದೇ ತಾಣದಲ್ಲಿ ಸೇವ್ ಮಾಡಿಟ್ಟುಕೊಳ್ಳಬಹುದು, ನಾಳೆ ಪತ್ರಿಕೆ ತನ್ನ ವೆಬ್‌ಸೈಟ್ ಬದಲಿಸಿದರೂ ಪ್ರತಿ ಇರುತ್ತೆ.

ಕನ್ನಡದಲ್ಲಿ ಬರೆಯುವವರಿಗೆ ಬರುವ ಒಂದು ತೊಂದರೆಯನ್ನೂ ಇಲ್ಲೇ ಹೇಳಿಬಿಡ್ತೀನಿ. ಕೆಲವು ತಾಣಗಳು ಲೇಖನದ ಕನ್ನಡ ಶೀರ್ಷಿಕೆಯನ್ನೇ ವೆಬ್ ವಿಳಾಸಕ್ಕೆ ಸೇರಿಸುತ್ತವೆ. ಬ್ರೌಸರ್‌ನಲ್ಲಿ ಅದು ಕನ್ನಡದಲ್ಲೇ ಚೆನ್ನಾಗಿ ಕಾಣುತ್ತೆ, ಆದರೆ ಕಾಪಿ ಮಾಡಿ ಪತ್ರದಲ್ಲಿ ಅಂಟಿಸಿದರೆ 'ಕಾಫಿ' ಅನ್ನುವ ಎರಡಕ್ಷರ ಹೀಗಾಗುತ್ತೆ:

```
%E0%B2%95%E0%B2%BE%E0%B2%AB%E0%B2%BF
```

ಕ, ದೀರ್ಘ, ಫ, ಗುಡಿಸು, ಒಂದೊಂದಕ್ಕೂ ಒಂಬತ್ತು ಚಿಹ್ನೆ. ಎಂಟು ಪದದ ಶೀರ್ಷಿಕೆ ಇದ್ದರೆ ಪತ್ರದ ಕಾಲು ಪುಟ ಇದೇ ತುಂಬಿರುತ್ತೆ. ನಡುವೆ ಸಾಲು ಮುರಿದರೆ ಲಿಂಕ್ ಕೂಡ ಕೆಲಸ ಮಾಡೋದಿಲ್ಲ. ಲೇಖನದ ಹೆಸರಿನ ಮೇಲೆಯೇ ಲಿಂಕ್ ಕೂರಿಸಿದರೆ ಈ ತಲೆನೋವಿಲ್ಲ. ಅರ್ಜಿಯ ಫಾರಂನಲ್ಲಿ ಬರೀ ವಿಳಾಸ ಹಾಕಲು ಮಾತ್ರ ಜಾಗ ಇದ್ದರೆ, ಪತ್ರಿಕೆಯ ಶೇರ್ ಬಟನ್ ಒತ್ತಿ ಚಿಕ್ಕ ವಿಳಾಸ ಸಿಗುತ್ತಾ ನೋಡಿ.

ಅಚ್ಚಾದ ಪತ್ರಿಕೆಯಲ್ಲಿ ಮಾತ್ರ ಬಂದದ್ದಾದರೆ ಇಡೀ ಪುಟವನ್ನು ಸ್ಕ್ಯಾನ್ ಮಾಡಿ, ಪತ್ರಿಕೆಯ ಹೆಸರು ಮತ್ತು ತಿಂಗಳು ಕಾಣುವ ಹಾಗೆ ಒಂದೇ ಪಿಡಿಎಫ್ ಮಾಡಬೇಕು. ಹೆಬ್ಬೆರಳು ಕಾಣುವ, ಅರ್ಧ ನೆರಳು ಬಿದ್ದ ಫೋಟೋ ಕಳಿಸುವವರು ಇದ್ದಾರೆ. ಬರವಣಿಗೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಫೋನಲ್ಲಿ ಹಿಗ್ಗಿಸಿ ಓದುವ ತಾಳ್ಮೆ ಯಾರಿಗೂ ಇರೋದಿಲ್ಲ.

ಅತಿ ಹೆಚ್ಚು ಜನ ಓದಿದ್ದು

ಅವಳ ಏಳು ಲಿಂಕ್‌ಗಳಲ್ಲಿ ಮೊದಲನೆಯದ್ದು ಪೋರ್ಟಲ್‌ಗೆ ಬರೆದ 'ಚಿಕ್ಕಮಗಳೂರಲ್ಲಿ ಎರಡು ದಿನ' ಅನ್ನುವ ಲೇಖನ. ಅವಳು ಬರೆದದ್ದರಲ್ಲೆಲ್ಲ ಹೆಚ್ಚು ವ್ಯೂಸ್ ಬಂದದ್ದು ಅದಕ್ಕೇ. ಅದನ್ನು ಬಿಡೋದು ಅಂದರೆ ಅವಳಿಗೆ ಆಗದ ಮಾತು.

"ಒಂದು ಸಲ ಜೋರಾಗಿ ಓದು, ನಿಂದಲ್ಲ ಅಂದ್ಕೊಂಡು ಓದು" ಅಂದೆ. ಎರಡನೇ ಪ್ಯಾರಾಕ್ಕೆ ನಿಂತಳು. ಅಲ್ಲಿ ಮುಳ್ಳಯ್ಯನಗಿರಿ 'ದಕ್ಷಿಣ ಭಾರತದ ಅತಿ ಎತ್ತರದ ಶಿಖರ' ಅಂತ ಇತ್ತು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲಿ ಅದೇ ಎತ್ತರ. ದಕ್ಷಿಣ ಭಾರತದ್ದು ಅಂದರೆ ಕೇರಳದ ಆನಮುಡಿ, 2,695 ಮೀಟರ್. ಬುಡದಲ್ಲೇ ಹುಟ್ಟಿ ಬೆಳೆದ ಹುಡುಗಿ ಈ ತಪ್ಪು ಮಾಡಿದ್ದು ಹೇಗೆ? ಅವಳೇ ಹೇಳಿದಳು: ಒಂದೇ ದಿನದಲ್ಲಿ ಕೊಡಬೇಕಿತ್ತು, ಬೇರೆ ನಾಲ್ಕು ವೆಬ್‌ಸೈಟ್ ನೋಡಿ ಬರೆದದ್ದು. ಅದರಲ್ಲಿರುವ ಎರಡು ಜಲಪಾತಕ್ಕೆ ಅವಳು ಹೋಗಿಯೇ ಇರಲಿಲ್ಲ.

ಈ ಕಂಪನಿಯವರು ವರ್ಷಪೂರ್ತಿ ಈ ಬೆಟ್ಟಗಳಲ್ಲೇ ಓಡಾಡುವವರು. ಅವರಿಗೆ ಆ ಸಾಲು ಕಣ್ಣಿಗೆ ಬೀಳದೇ ಇರಲ್ಲ. ಇನ್ನು ವ್ಯೂಸ್ ವಿಷಯ. ಪೋರ್ಟಲ್ ಅದನ್ನು ಪ್ರತಿ ಶುಕ್ರವಾರ ತನ್ನ ಮುಖಪುಟಕ್ಕೆ ಎತ್ತಿ ಹಾಕ್ತಿತ್ತು. ಎಷ್ಟು ಜನ ಬಂದರು ಅನ್ನುವುದು ಪೋರ್ಟಲ್‌ನ ಬಲ. ಬಂದವರು ಎಷ್ಟು ಹೊತ್ತು ನಿಂತರು, ಓದಿ ಏನು ಮಾಡಿದರು ಅಂತ ಅವಳ ಹತ್ತಿರ ಲೆಕ್ಕವೇ ಇರಲಿಲ್ಲ. ಸಂದರ್ಶನದಲ್ಲಿ "ಇಷ್ಟು ವ್ಯೂಸ್ ಯಾಕೆ ಬಂತು?" ಅಂತ ಕೇಳಿದರೆ ಉತ್ತರ ಇಲ್ಲದ ಅಂಕಿಯನ್ನು ಪತ್ರದಲ್ಲಿ ಹಾಕಬಾರದು.

ತಿದ್ದಲು ಕೇಳಿ ಪೋರ್ಟಲ್‌ಗೆ ಅಲ್ಲೇ ಒಂದು ಮೇಲ್ ಕಳಿಸಿದಳು. ಲೇಖನಕ್ಕೆ ಅಡ್ಡಗೆರೆ ಬಿತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಎದ್ದು ಹೋಗಿ ಕಣದ ಕಾಫಿ ಎಳೆದು ಬಂದಳು.

ಹೆಸರಿಲ್ಲದ ಬರಹ ನಮ್ಮದು ಅನ್ನಬಹುದಾ?

ಜಾಹೀರಾತಿನ ಮೊದಲ ಕೆಲಸ ಏನು? ತೋಟದ ಕಾಫಿಯ ಪರಿಚಯ ಪುಟ. ಅದಕ್ಕೆ ಅತಿ ಹತ್ತಿರವಾದ ಬರಹ ಅವಳ ಏಳು ಲಿಂಕ್‌ಗಳಲ್ಲಿ ಇರಲೇ ಇಲ್ಲ. ಹೋಂಸ್ಟೇಗೆ ಬರೆದುಕೊಟ್ಟ 'ಹಣ್ಣಿನಿಂದ ಲೋಟದವರೆಗೆ' ಅನ್ನುವ ಪುಟ, ಸುಮಾರು ಏಳುನೂರು ಪದದ್ದು. ತೋಟ ಸುತ್ತಲು ಬರುವ ಅತಿಥಿಗಳಿಗೆ ಕೆಂಪು ಹಣ್ಣು ಹಿಂಡಿದರೆ ಜಾರುವ ಎರಡು ಬೀಜ ಯಾಕೆ ಬರುತ್ತವೆ, ಪಲ್ಪರ್‌ಗೆ ಅದೇ ದಿನ ಯಾಕೆ ಹಾಕಬೇಕು, ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೂ ಹಣ್ಣನ್ನು ಹಾಗೇ ಒಣಗಿಸಿದ ಚೆರಿಗೂ ರುಚಿಯಲ್ಲಿ ಏನು ವ್ಯತ್ಯಾಸ, ಎಲ್ಲ ಇತ್ತು. ಹೊರಗಿನವರಿಗೆ ಅರ್ಥವಾಗುವ ಹಾಗೆ, ಒಂದೇ ಒಂದು ಕಷ್ಟದ ಪದ ಇಲ್ಲದೆ.

"ಅದ್ರಲ್ಲಿ ನನ್ನ ಹೆಸ್ರಿಲ್ವಲ್ಲ ಅಕ್ಕ."

ಹೆಸರಿಲ್ಲದ್ದು ತೊಂದರೆಯಲ್ಲ, ಒಪ್ಪಿಗೆ ಇಲ್ಲದ್ದು ತೊಂದರೆ. ಬೇರೆಯವರಿಗೆ ಬರೆದುಕೊಟ್ಟ ಬರಹವನ್ನು ಹೆಸರಿಸುವ ಮುಂಚೆ ಎರಡು ಕಡೆ ನೋಡಬೇಕು. ಒಪ್ಪಂದದ ಪತ್ರ ಇದ್ದರೆ ಅದರಲ್ಲಿ ಗೋಪ್ಯತೆಯ ಷರತ್ತು ಇದೆಯಾ ಅಂತ. ಇಲ್ಲದಿದ್ದರೆ ಬರೆಸಿದವರನ್ನೇ ಕೇಳಿ, ಉತ್ತರ ಬರಹದಲ್ಲಿರಲಿ. ಹೋಂಸ್ಟೇ ಮಾಲೀಕರಿಗೆ ವಾಟ್ಸಾಪ್ ಮಾಡಿದಳು. ಹತ್ತು ನಿಮಿಷಕ್ಕೆ ಉತ್ತರ: "ನೀನೇ ಬರ್ದಿದ್ದಲ್ವಾ, ಹೇಳ್ಕೊ. ಅದು ಹಾಕಿದ್ಮೇಲೆ ತೋಟ ಸುತ್ತೋದು ಎಷ್ಟೊತ್ತಿಗೆ, ಎಂತ ತೋರಿಸ್ತೀರಿ ಅಂತ ಫೋನ್ ಬರೋದು ಎಷ್ಟೋ ಕಮ್ಮಿಯಾಗಿದೆ."

ಆ ಎರಡನೇ ಸಾಲು ವ್ಯೂಸ್‌ಗಿಂತ ಎಷ್ಟೋ ಮೇಲು. ಬರಹ ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸ ಮಾಡಿತು ಅಂತ ಬರೆಸಿದವರೇ ಹೇಳ್ತಿದ್ದಾರೆ. ಮಾಲೀಕರ ಮಾತನ್ನು ಪತ್ರದಲ್ಲಿ ಹಾಕಬಹುದಾ ಅಂತ ಇನ್ನೊಂದು ಮೆಸೇಜ್ ಹೋಯಿತು, ಅದಕ್ಕೂ ಹೂಂ ಅಂದರು.

ಏಜೆನ್ಸಿಯ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಸ್ಪಷ್ಟವಾಗಿತ್ತು. ಆ ಮೂರು ಹೊರಗೆ. ಅಂಥವನ್ನು 'ಒಂದು ಏಜೆನ್ಸಿಗೆ ಉತ್ಪನ್ನ ಪರಿಚಯದ ಬರಹ ಬರೆದಿದ್ದೇನೆ' ಅಂತ ರೆಸ್ಯೂಮೆಯಲ್ಲಿ ಒಂದು ಸಾಲಲ್ಲಿ ಹೇಳಬಹುದು, ಲಿಂಕ್ ಕೊಡುವ ಹಾಗಿಲ್ಲ. ಗುಟ್ಟಾಗಿ ಕಳಿಸಿದರೆ ನೋಡುವವರಿಗೆ ಮೊದಲು ಹೊಳೆಯುವುದು, ನಾಳೆ ನಮ್ಮ ಬರಹವನ್ನೂ ಹೀಗೇ ಕಳಿಸ್ತಾರೆ ಅನ್ನೋದು.

ಬಾಬಾಬುಡನ್‌ಗಿರಿಯ ಹೆಸರಿನ ಲೇಖನ

ಇಂಗ್ಲಿಷ್ ತಾಣದ ಒಂದೇ ಒಂದು ಲೇಖನದ ಬಗ್ಗೆ ಅವಳಿಗೇ ಅಷ್ಟು ಅಭಿಮಾನ ಇರಲಿಲ್ಲ. "ಡ್ರೈ ಆಗಿದೆ" ಅಂದಳು. ಪಟ್ಟಿಯಲ್ಲಿ ಆರನೆಯದ್ದಾಗಿ ಇಟ್ಟಿದ್ದಳು. ನಾನು ಓದಿ ಮುಗಿಸಿದ ತಕ್ಷಣ ಅದರ ಮುಂದೆ '1' ಅಂತ ಬರೆದೆ.

ವಿಷಯ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್. 2019ರಲ್ಲಿ ಭಾರತದ ಐದು ಕಾಫಿಗಳಿಗೆ ಈ ಮಾನ್ಯತೆ ಸಿಕ್ಕಿತು: ಕೊಡಗು ಅರೇಬಿಕಾ, ವಯನಾಡ್ ರೋಬಸ್ಟಾ, ಚಿಕ್ಕಮಗಳೂರು ಅರೇಬಿಕಾ, ಅರಕು ಕಣಿವೆ ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ. ಐದರಲ್ಲಿ ಎರಡು ನಮ್ಮ ಒಂದೇ ಜಿಲ್ಲೆಯವು. ಹಾಗಾದರೆ ಅಂಗಡಿಯಲ್ಲಿ ಕಾಫಿ ಪೊಟ್ಟಣ ಹಿಡಿದವರಿಗೆ ಇವೆರಡರ ವ್ಯತ್ಯಾಸ ಏನು? ಬಾಬಾಬುಡನ್‌ಗಿರಿ ಅನ್ನುವ ಹೆಸರು ಆ ಬೆಟ್ಟಸಾಲಿನ ಕಾಫಿಗೆ ಮಾತ್ರ. ಜಿಲ್ಲೆಯ ಯಾವ ಮೂಲೆಯಲ್ಲಿ ಬೆಳೆದರೂ ಅಂಟಿಸಬಹುದಾದ ಅಲಂಕಾರ ಅದಲ್ಲ. ಇಷ್ಟನ್ನು ಬೆಟ್ಟದ ಮೇಲಿನ ಇಬ್ಬರು ಬೆಳೆಗಾರರ ಮಾತಿನ ಜೊತೆ ಬಿಡಿಸಿ ಹೇಳಿದ್ದಳು.

ನನಗೆ ಇನ್ನೂ ಹಿಡಿಸಿದ್ದು ಏಳು ಬೀಜದ ಕಥೆಯನ್ನು ಅವಳು ಇಟ್ಟ ರೀತಿ. ಬಾಬಾಬುಡನ್ ಯೆಮನ್ನಿನ ಮೋಖಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವುದನ್ನು ಎಷ್ಟೋ ಕಾಫಿ ಪೊಟ್ಟಣಗಳು ಇಸವಿ ಸಮೇತ ಇತಿಹಾಸ ಅಂತಲೇ ಅಚ್ಚು ಹಾಕುತ್ತವೆ. ಇವಳು 17ನೇ ಶತಮಾನದ್ದು ಎನ್ನಲಾಗುವ ಪ್ರತೀತಿ ಅಂತ ಬರೆದು, ಮುಂದಿನ ಸಾಲಿಗೆ ಹೋಗಿದ್ದಳು. ಕಾಫಿ ಮಾರುವ ಕಂಪನಿಗೆ ಬರೆಯುವವರಿಗೆ ಈ ಎಚ್ಚರ ಬೇಕೇ ಬೇಕು. ನಾಳೆ ಅವರ ಪೊಟ್ಟಣದ ಮೇಲೆ ಬರುವ ಹೆಸರಿಗೂ ಕಥೆಗೂ ಇದೇ ಕೈ ಇರುತ್ತೆ.

ಇನ್ನೊಂದು ಲೆಕ್ಕವೂ ಇತ್ತು. ಪತ್ರವನ್ನು ಅವಳು ಕನ್ನಡದಲ್ಲಿ ಬರೀತಿದ್ದಳು. ಹಾಗಾಗಿ ಕನ್ನಡ ಬರುತ್ತೆ ಅನ್ನುವುದಕ್ಕೆ ಪತ್ರವೇ ಸಾಕ್ಷಿ. ಇಂಗ್ಲಿಷಿಗೆ ಈ ಲೇಖನ ಸಾಕ್ಷಿ. ಹೆಸರು ಸ್ಪಷ್ಟವಾಗಿದೆ, ಲಿಂಕ್ ಯಾರಿಗಾದರೂ ತೆರೆಯುತ್ತೆ. ಓದುವವರು ಒಂದೇ ಲಿಂಕ್ ತೆರೆದು ನಿಲ್ಲಿಸಿದರೂ ನಷ್ಟವಿಲ್ಲ, ಅದಕ್ಕೇ ಮೊದಲನೇ ಜಾಗ. ಹೋಂಸ್ಟೇ ಪುಟ ಕೆಲಸಕ್ಕೆ ಇದಕ್ಕಿಂತ ಹತ್ತಿರ, ನಿಜ. ಆದರೆ ಅದರ ಮೇಲೆ ಹೆಸರಿಲ್ಲ, ವಿವರಣೆ ಬೇಕು. ವಿವರಣೆ ಬೇಕಾದದ್ದನ್ನು ಮೊದಲು ಇಡಬಾರದು ಅಂತ ನನ್ನ ಅಭಿಪ್ರಾಯ, ಎರಡನೆಯದ್ದಾಗಿ ಇಟ್ಟೆವು.

ಅಜ್ಜಿಯಾ, ಬೋರರ್ರಾ?

ಮೂರನೆಯದ್ದಕ್ಕೆ ಜಗಳವೇ ಆಯಿತು.

ಅವಳಿಗೆ ಬೇಕಾಗಿದ್ದು ವಾರಪತ್ರಿಕೆಯಲ್ಲಿ ಬಂದ 'ಅಜ್ಜಿಯ ಬೆಲ್ಲದ ಕಾಫಿ'. ಊರಲ್ಲೆಲ್ಲ ಅದನ್ನು ಹೊಗಳಿದ್ದರು. ಚಿಕ್ಕಮ್ಮ ಅದರ ಪುಟವನ್ನು ಫ್ರೇಮ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಗ್ರಾಹಕರಿಗೆ ಹದಿನೈದು ದಿನಕ್ಕೊಮ್ಮೆ ಪತ್ರ ಬರೀಬೇಕಾದರೆ ಇಂಥ ಆಪ್ತ ದನಿ ಬೇಕಲ್ವಾ ಅನ್ನುವುದು ಅವಳ ವಾದ. ವಾದದಲ್ಲಿ ಹುರುಳಿತ್ತು.

ನನಗೆ ಬೇಕಾಗಿದ್ದು ಬೆಳೆಗಾರರ ಮಾಸಪತ್ರಿಕೆಗೆ ಬರೆದ ಬಿಳಿ ಕಾಂಡಕೊರಕದ ಲೇಖನ. ತೋಟದವರ ಬಾಯಲ್ಲಿ ಬೋರರ್. "ಕಾಫಿ ಕುಡಿಯೋರಿಗೆ ಹುಳದ ಕಥೆ ಎಂತಕ್ಕೆ?" ಅಂತ ನಕ್ಕಳು.

ಹುಳಕ್ಕಾಗಿ ಅಲ್ಲ. ಆ ಲೇಖನ ಶುರುವಾಗೋದು ಚಿಕ್ಕಪ್ಪ ತೆಂಗಿನ ನಾರಿನ ಕೈಗವಸು ಹಾಕಿಕೊಂಡು ಅರೇಬಿಕಾ ಗಿಡದ ಕಾಂಡ ತಿಕ್ಕುವ ದೃಶ್ಯದಿಂದ. ಯಾಕೆ ತಿಕ್ಕುತ್ತಾರೆ? ತೊಗಟೆಯ ಬಿರುಕಿನಲ್ಲಿ ಜೀರುಂಡೆ ಮೊಟ್ಟೆ ಇಡುತ್ತೆ, ಸಡಿಲ ತೊಗಟೆ ಹೋದರೆ ಅದಕ್ಕೆ ಜಾಗ ಇಲ್ಲ. ಮರಿಹುಳ ಒಳಗೆ ಹೋಗಿ ಕಾಂಡ ಕೊರೆದರೆ ಹೊರಗೆ ಉಬ್ಬಿದ ಗೆರೆಗಳು ಕಾಣ್ತವೆ, ಎಲೆ ಹಳದಿಯಾಗಿ ಜೋಲುತ್ತೆ. ಅಂಥ ಗಿಡ ಗುರುತಿಸಿ, ಜೀರುಂಡೆ ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಬರುವ ಮುಂಚೆ ಕಿತ್ತು ಸುಡಬೇಕು. ಬಿಸಿಲು ಬಿದ್ದ ಕಡೆ ಬೋರರ್ ಕಾಟ ಜಾಸ್ತಿ, ಅದಕ್ಕೇ ನೆರಳಿನ ಮರ ಉಳಿಸಿಕೊಳ್ಳೋದು. ಇದನ್ನೆಲ್ಲ ಅವಳು ನಾಲ್ಕು ತೋಟ ಸುತ್ತಿ, ಕೆಲಸದವರನ್ನೂ ಮಾಲೀಕರನ್ನೂ ಮಾತಾಡಿಸಿ, ಕರಡನ್ನು ಕಾಫಿ ಕೀಟಗಳ ಬಗ್ಗೆ ತಿಳಿದ ಒಬ್ಬರಿಗೆ ತೋರಿಸಿ ತಿದ್ದಿಸಿ ಬರೆದಿದ್ದಳು. ತೋಟದವರಿಂದ ವಿಷಯ ತರಬೇಕು ಅಂತ ಜಾಹೀರಾತು ಕೇಳಿದ್ದು ಇದನ್ನೇ ತಾನೆ?

ತೀರ್ಮಾನ ಮಾಡಲು ಎರಡೂ ಲೇಖನದ ಮೊದಲ ಪರದೆಯನ್ನು ಮಾತ್ರ ಫೋನಲ್ಲಿ ಓದಿದೆವು. ಅಜ್ಜಿಯ ಲೇಖನದಲ್ಲಿ ಮೊದಲ ಮೂರು ಪ್ಯಾರಾ ಮಳೆ. ಅಜ್ಜಿ ಬರುವುದೇ ನಾಲ್ಕನೆಯದರಲ್ಲಿ, ಕಾಫಿ ಇನ್ನೂ ಕೆಳಗೆ. ಬೋರರ್ ಲೇಖನದಲ್ಲಿ ಮೊದಲ ಸಾಲಲ್ಲೇ ಮನುಷ್ಯ, ಗಿಡ, ಕೆಲಸ.

ಆದರೂ ಅವಳು ಬಿಡಲಿಲ್ಲ. "ಕೊನೆ ಪ್ಯಾರಾ ಓದಿದ್ರೆ ಯಾರಾದ್ರೂ ಕರೀತಾರೆ ಅಕ್ಕ." ನಿಜ, ತುಂಬ ಚೆನ್ನಾಗಿತ್ತು. ಎಲ್ಲರೂ ಹೊಗಳಿದ್ದೂ ಆ ಪ್ಯಾರಾವನ್ನೇ. ನಾನು ನೋಟ್‌ಬುಕ್ ಅವಳ ಕಡೆ ತಿರುಗಿಸಿ ಮೂರನೇ ಪ್ರಶ್ನೆಯ ಮೇಲೆ ಬೆರಳಿಟ್ಟೆ: ನಿನ್ನದು ಎಷ್ಟು? ಆ ಒಂದು ಲೇಖನದ ಮುಂದೆ ಮಾತ್ರ ಜಾಗ ಖಾಲಿ ಇತ್ತು.

ಸುಮಾರು ಹೊತ್ತಾದ ಮೇಲೆ ಹೇಳಿದಳು. ಕೊನೆಯ ಪ್ಯಾರಾ ಬರೆದದ್ದು ಪತ್ರಿಕೆಯ ಉಪಸಂಪಾದಕರು. ಅವಳು ಕಳಿಸಿದ್ದು ಬೇರೆ ಥರ ಮುಗಿದಿತ್ತು. ಪ್ರಕಟವಾದ ಮೇಲೆ ಊರವರೆಲ್ಲ ಅದನ್ನೇ ಎತ್ತಿ ಹೇಳತೊಡಗಿದಾಗ ನನ್ನದಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಎರಡು ವರ್ಷದಿಂದ ಅದು ನಡುಮನೆಯ ಗೋಡೆ ಮೇಲಿದೆ.

ಸಂಪಾದಕರು ತಿದ್ದುವುದು ತಪ್ಪಲ್ಲ. ಎಲ್ಲರ ಲೇಖನವನ್ನೂ ತಿದ್ದುತ್ತಾರೆ. ಶೀರ್ಷಿಕೆ ಬದಲಾಗಿದ್ದರೆ, ಎರಡು ಪ್ಯಾರಾ ಹಾರಿಸಿದ್ದರೆ ಹೇಳಿಕೊಳ್ಳಲು ಅಡ್ಡಿ ಇಲ್ಲ. ಆದರೆ ಯಾವ ಭಾಗಕ್ಕಾಗಿ ಲೇಖನವನ್ನು ಹೆಸರಿಸ್ತಿದ್ದೀವೋ ಆ ಭಾಗವೇ ಬೇರೆಯವರದ್ದಾದರೆ? ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಂಥದ್ದೇ ಇನ್ನೊಂದು ಕೊಡಿ ಅಂತಾರೆ. ಪರೀಕ್ಷಿಸಲು ಸುಲಭದ ದಾರಿ ಇದೆ: ನೀವು ಕಳಿಸಿದ ಮೇಲ್ ತೆರೆದು, ಕರಡನ್ನೂ ಪ್ರಕಟವಾದದ್ದನ್ನೂ ಅಕ್ಕಪಕ್ಕ ಇಟ್ಟು ಓದಿ. ಬೋರರ್ ಲೇಖನದಲ್ಲಿ ಹಾಗೆ ಮಾಡಿದಾಗ ಬದಲಾಗಿದ್ದು ಶೀರ್ಷಿಕೆ ಮತ್ತು ಒಂದು ಚಿತ್ರದ ಅಡಿಬರಹ ಮಾತ್ರ.

ಅಜ್ಜಿ ಹೊರಗುಳಿದರು. ಬೋರರ್ ಒಳಗೆ ಬಂತು.

ಒಂದೊಂದಕ್ಕೂ ಒಂದೊಂದು ಸಾಲು

ಲಿಂಕ್ ಕೊಟ್ಟು ಸುಮ್ಮನಾದರೆ ಅರ್ಧ ಕೆಲಸ. ಯಾಕೆ ಇದು ಅಂತ ಒಂದು ಸಾಲು ಬೇಕು, ಅದು ಲೇಖನದ ಹೊಗಳಿಕೆಯಾಗಿರದೆ ಅವರ ಕೆಲಸಕ್ಕೆ ತಾಗುವ ಹಾಗಿರಬೇಕು. ಅವಳ ಮೊದಲ ಪತ್ರದಲ್ಲಿ 'ನನ್ನ ಹತ್ತೊಂಬತ್ತು ಲೇಖನಗಳು ಪ್ರಕಟವಾಗಿದ್ದು, ಕೆಲವು ಇಲ್ಲಿವೆ' ಅಂತಿತ್ತು. ರಾತ್ರಿ ಊಟವಾದ ಮೇಲೆ ಬರೆದದ್ದು ಇದು:

"ನಿಮ್ಮ ಜಾಹೀರಾತಿನ ಕೆಲಸಕ್ಕೆ ಹತ್ತಿರವಾದ ಮೂರು ಬರಹಗಳನ್ನು ಆರಿಸಿದ್ದೇನೆ. ಮೊದಲನೆಯದು, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಯಾಕೆ ಎರಡು ಬೇರೆ ಹೆಸರು ಎಂದು ಕಾಫಿ ಕೊಳ್ಳುವವರಿಗೆ ವಿವರಿಸುವ ಇಂಗ್ಲಿಷ್ ಲೇಖನ. ಎರಡನೆಯದು, ಕಳಸದ ಬಳಿಯ ಒಂದು ಹೋಂಸ್ಟೇಗೆ ಬರೆದ ತೋಟದ ಪರಿಚಯ ಪುಟ. ಇದರಲ್ಲಿ ನನ್ನ ಹೆಸರಿಲ್ಲ, ಮಾಲೀಕರ ಒಪ್ಪಿಗೆ ಪಡೆದು ಹೆಸರಿಸುತ್ತಿದ್ದೇನೆ. ಪುಟ ಹಾಕಿದ ಮೇಲೆ ಅತಿಥಿಗಳು ವಿವರ ಕೇಳಿ ಫೋನ್ ಮಾಡುವುದು ಕಡಿಮೆಯಾಯಿತು ಎಂದು ಅವರು ತಿಳಿಸಿದ್ದಾರೆ. ಮೂರನೆಯದು, ಕಾಂಡಕೊರಕದ ಬಗ್ಗೆ ಬೆಳೆಗಾರರ ಪತ್ರಿಕೆಯಲ್ಲಿ ಬಂದ ಕನ್ನಡ ಲೇಖನ. ನಿಮ್ಮ ಗ್ರಾಹಕರಿಗೆ ಕೀಟದ ವಿವರ ಬೇಡದಿರಬಹುದು. ನಾಲ್ಕು ತೋಟಗಳಲ್ಲಿ ಮಾತಾಡಿ, ತಿಳಿದವರಿಂದ ತಿದ್ದಿಸಿ ಬರೆಯುವ ನನ್ನ ಕ್ರಮ ಇದರಲ್ಲಿ ಕಾಣುತ್ತದೆ."

ಅಷ್ಟೇ. ಮಾಸಪತ್ರಿಕೆ ಆನ್‌ಲೈನಲ್ಲಿ ಇಲ್ಲದ್ದರಿಂದ ಮೂರನೆಯದ್ದು ಎರಡು ಪುಟದ ಪಿಡಿಎಫ್ ಆಗಿ ಹೋಯಿತು.

ಇವೇ ಮೂರು ಎಲ್ಲ ಕಡೆಗೂ ನಡೆಯೋದಿಲ್ಲ ಅನ್ನೋದನ್ನೂ ಹೇಳಬೇಕು. ಇದೇ ಹತ್ತೊಂಬತ್ತು ಲೇಖನ ಇಟ್ಟುಕೊಂಡು ಅವಳು ಹಣಕಾಸಿನ ಆ್ಯಪ್ ಒಂದಕ್ಕೆ ಅರ್ಜಿ ಹಾಕಿದ್ದರೆ, ಕಿಲೋ ಲೆಕ್ಕದಲ್ಲಿ ಕುಯ್ಲಿನ ಕೂಲಿ ಹೇಗೆ ನಿಗದಿಯಾಗುತ್ತೆ ಅಂತ ಬರೆದ ಲೇಖನವನ್ನು ಮೊದಲು ಇಡಿ ಅಂತಿದ್ದೆ. ನಿಮ್ಮ ಹತ್ತಿರ ಎರಡೇ ಪ್ರಕಟಿತ ಲೇಖನ ಇದ್ದರೆ ಎರಡನ್ನೇ ಹೆಸರಿಸಿ, ಮೂರನೆಯದ್ದು ಅಪ್ರಕಟಿತ ಮಾದರಿ ಅಂತ ಸ್ಪಷ್ಟವಾಗಿ ಬರೆದು ಕಳಿಸಿ. ಕಾಲೇಜು ಪತ್ರಿಕೆಯ ಲೇಖನವೂ ಪ್ರಕಟಿತವೇ, ವರ್ಷ ಮುಚ್ಚಿಡಬೇಡಿ.

ಹನ್ನೊಂದು ದಿನಕ್ಕೆ ಫೋನ್ ಬಂತು. ವಿಡಿಯೋ ಕಾಲಲ್ಲಿ ಮಾತಾಡಿದವರು ಜಿಐ ಲೇಖನದ ಬಗ್ಗೆ ಒಂದು ಪ್ರಶ್ನೆ ಕೇಳಿ, ಉಳಿದ ಹೊತ್ತೆಲ್ಲ ಬೋರರ್ ಹಿಂದೆ ಬಿದ್ದರಂತೆ. ತೋಟದವರು ನಿಮ್ಮ ಹತ್ತಿರ ಬಾಯಿ ಬಿಟ್ಟಿದ್ದು ಹೇಗೆ, ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗದಿದ್ದಾಗ ಏನು ಮಾಡಿದಿರಿ, ಸಂಪಾದಕರು ಏನು ಬದಲಿಸಿದರು. ಕೊನೆಯದ್ದಕ್ಕೆ ಅವಳ ಹತ್ತಿರ ಉತ್ತರ ರೆಡಿ ಇತ್ತು. ಈಗ ಒಂದು ತೋಟದ ಪರಿಚಯ ಪುಟ ಬರೆದು ತೋರಿಸಲು ಹೇಳಿದ್ದಾರೆ, ದುಡ್ಡು ಕೊಟ್ಟೇ ಬರೆಸ್ತಾರಂತೆ. ಮೊನ್ನೆ ಫೋನ್ ಮಾಡಿದಾಗ ಗಿರಿಯ ಮೇಲಿನ ಆ ತೋಟದಲ್ಲೇ ಇದ್ದಳು, ನೆಟ್‌ವರ್ಕ್ ಸಿಗದೆ ಮಾತು ಪೂರ್ತಿ ಕೇಳಲಿಲ್ಲ.

ಅಜ್ಜಿಯ ಲೇಖನದ ಕೊನೆಯ ಪ್ಯಾರಾ ಯಾರದ್ದು ಅಂತ ಅವಳು ಚಿಕ್ಕಮ್ಮನಿಗೆ ಹೇಳಿಬಿಟ್ಟಿದ್ದಾಳೆ. "ಹೌದನಾ? ಉಳಿದದ್ದು ನಿಂದೇ ಅಲ್ವಾ, ಇರ್ಲಿ ಬಿಡು" ಅಂತ ಚಿಕ್ಕಮ್ಮ ಫ್ರೇಮನ್ನು ಅಲ್ಲೇ ಇಟ್ಟಿದ್ದಾರೆ. ಪೋರ್ಟಲ್‌ನಿಂದ ಮಾತ್ರ ಉತ್ತರ ಬಂದಿಲ್ಲ. ಅಲ್ಲಿ ಮುಳ್ಳಯ್ಯನಗಿರಿ ಇವತ್ತಿಗೂ ದಕ್ಷಿಣ ಭಾರತದ ಅತಿ ಎತ್ತರದ ಶಿಖರ.